ತಿಂಗಳ ಉಳಿತಾಯ: ಕಟ್ಟುವವರಿಗೆ ಎರಡು ಮಾತು, ಕೇಳುವವರಿಗೆ ಎರಡು ಮಾತು

(ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಾಡಾಗಿದ್ದ ಉಳಿತಾಯ ಗುಂಪುಗಳ ಸಭೆಯಲ್ಲಿ, ಗುಂಪುಗಳ ಸಂಘಟಕಿಯರ ಪರವಾಗಿ ಮಾಡಿದ ಭಾಷಣದ ಬರಹರೂಪ)



ಬೆಳ್ಳಿಹಬ್ಬದ ಸಭೆಯಲ್ಲಿ ದುಡ್ಡು ಕಟ್ಟಿ ಅಂತ ಕೇಳುವುದು ಸರಿಯೇ ಎಂದು ಯಾರಿಗಾದರೂ ಅನ್ನಿಸಬಹುದು. ನಾವು ಇವತ್ತು ಯಾರ ಹೆಸರನ್ನೂ ಹೇಳುವುದಿಲ್ಲ, ಯಾರ ಬಾಕಿಯನ್ನೂ ಓದುವುದಿಲ್ಲ. ತಿಂಗಳ ಉಳಿತಾಯ ತಡವಾದರೆ ಗುಂಪಿನೊಳಗೆ ನಿಜವಾಗಿ ಏನಾಗುತ್ತದೆ, ಏಕೆ ತಡವಾಗುತ್ತದೆ, ತಡವಾಗದಂತೆ ಏನು ಮಾಡಬಹುದು ಎಂಬ ಮೂರು ವಿಷಯಗಳನ್ನು ಮಾತ್ರ ತಮ್ಮ ಮುಂದೆ ಇಡುತ್ತೇವೆ. ಎಲ್ಲರ ಎದುರಿಗೆ ಒಮ್ಮೆ ಹೇಳಿಬಿಟ್ಟರೆ ಒಬ್ಬೊಬ್ಬರ ಮನೆ ಬಾಗಿಲಲ್ಲಿ ಹೇಳುವ ಕಷ್ಟ ನಮಗೂ ತಪ್ಪುತ್ತದೆ, ಕೇಳುವ ಕಷ್ಟ ತಮಗೂ ತಪ್ಪುತ್ತದೆ.

ಮೊದಲು ಒಂದು ಲೆಕ್ಕ ನೋಡೋಣ. ಇದು ಯಾವ ಒಂದು ಗುಂಪಿನ ಲೆಕ್ಕವೂ ಅಲ್ಲ, ತಿಳಿಯಲಿಕ್ಕೆ ಇಟ್ಟುಕೊಂಡದ್ದು. ಹದಿನೈದು ಜನರ ಗುಂಪು. ತಿಂಗಳಿಗೆ ತಲಾ 200 ರೂಪಾಯಿ ಉಳಿತಾಯ. ಗುಂಪಿಗೆ ಮೂರು ವರ್ಷ ತುಂಬಿದೆ, 1,10,000 ರೂಪಾಯಿ ಸದಸ್ಯರ ಕೈಯಲ್ಲಿ ಸಾಲವಾಗಿ ಓಡಾಡುತ್ತಿದೆ. ಬಡ್ಡಿ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ. ಹದಿಮೂರು ಜನ ಸಾಲ ತೆಗೆದುಕೊಂಡಿದ್ದಾರೆ, ಎಲ್ಲರೂ ತಿಂಗಳಿಗೆ 500 ರೂಪಾಯಿಯಂತೆ ಅಸಲು ತೀರಿಸುತ್ತಾರೆ. ಹಾಗಾದರೆ ಸಭೆಯ ದಿನ ಪೆಟ್ಟಿಗೆಗೆ ಎಷ್ಟು ಬರಬೇಕು? ಉಳಿತಾಯ 3,000, ಅಸಲಿನ ಕಂತು 6,500, ಬಡ್ಡಿ 1,100. ಒಟ್ಟು 10,600 ರೂಪಾಯಿ.

ಹೋದ ತಿಂಗಳ ಸಭೆಯಲ್ಲೇ ಒಬ್ಬ ಸದಸ್ಯೆ ಮಗಳ ಕಾಲೇಜು ಫೀಸಿಗೆ 10,000 ರೂಪಾಯಿ ಕೇಳಿದ್ದಾಳೆ. ಗುಂಪು ಒಪ್ಪಿದೆ, ನಡಾವಳಿ ಪುಸ್ತಕದಲ್ಲಿ ಬರೆದೂ ಆಗಿದೆ. ಈ ತಿಂಗಳು ಮೂವರು ಬರಲಿಲ್ಲ ಎನ್ನಿ. ಮೂವರ ಉಳಿತಾಯ 600 ನಿಂತಿತು. ಅವರಲ್ಲಿ ಇಬ್ಬರಿಗೆ ಹತ್ತು ಹತ್ತು ಸಾವಿರ ಸಾಲವೂ ಇದೆ. ಅವರ ಕಂತು, ಬಡ್ಡಿ ತಲಾ 600ರಂತೆ 1,200 ನಿಂತಿತು. ಒಟ್ಟು 1,800 ಕಡಿಮೆಯಾಗಿ ಪೆಟ್ಟಿಗೆಯಲ್ಲಿ 8,800 ಉಳಿಯಿತು. ಫೀಸಿಗೆ ಕೊನೆಯ ದಿನ ಬಂದಿದೆ. ಆ ತಾಯಿ ಉಳಿದ 1,200 ರೂಪಾಯಿಗೆ ಹೊರಗಡೆ ಕೈಸಾಲಕ್ಕೆ ಹೋಗಬೇಕು. ಅಲ್ಲಿ ನೂರಕ್ಕೆ ಐದು ರೂಪಾಯಿ ಬಡ್ಡಿ ಅಂದರೆ ತಿಂಗಳಿಗೆ 60 ರೂಪಾಯಿ. ನಮ್ಮಲ್ಲಾಗಿದ್ದರೆ 12 ರೂಪಾಯಿ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ತಡ ಮಾಡಿದವರು ಮೂವರು, ನೋವು ಉಂಡವಳು ನಾಲ್ಕನೆಯವಳು. ಅವಳು ಒಂದು ತಿಂಗಳೂ ತಪ್ಪಿಸಿದವಳಲ್ಲ. ತಡ ಮಾಡಿದವರು ಮನೆಯಲ್ಲಿದ್ದಾರೆ, ಸಭೆಯಲ್ಲಿ ಅವಳ ಮುಖ ಅವರಿಗೆ ಕಾಣುವುದಿಲ್ಲ. ಕಂಡಿದ್ದರೆ ನಮ್ಮ ಊರಿನ ಹೆಂಗಸರು ಯಾರೂ ಸುಮ್ಮನಿರುವವರಲ್ಲ. ಆದ್ದರಿಂದಲೇ ಇದು ಮನಸ್ಸು ಕೆಟ್ಟವರ ಕಥೆಯಲ್ಲ, ಕಣ್ಣಿಗೆ ಬೀಳದ ಕಥೆ ಎಂದು ನಾವು ಹೇಳುವುದು.

ಈಗ ತಡ ಮಾಡಿದವರಿಗೆ ಎಷ್ಟು ನಷ್ಟ ಎಂದು ನೋಡೋಣ. ಲಾಭ ಹಂಚುವಾಗ ದುಡ್ಡು ಎಷ್ಟು ತಿಂಗಳು ಗುಂಪಿನಲ್ಲಿ ದುಡಿಯಿತು ಎಂದು ನೋಡುವ ಪದ್ಧತಿ ಇದೆ. ವರ್ಷದ ಮೊದಲ ತಿಂಗಳು ಕಟ್ಟಿದ 200 ರೂಪಾಯಿ ಹನ್ನೆರಡು ತಿಂಗಳು ದುಡಿಯುತ್ತದೆ, ಎರಡನೆಯ ತಿಂಗಳದ್ದು ಹನ್ನೊಂದು, ಕೊನೆಯ ತಿಂಗಳದ್ದು ಒಂದು. ಹೀಗೆ ತಿಂಗಳು ತಿಂಗಳಿಗೆ ತಪ್ಪದೆ ಕಟ್ಟಿದವಳ ಉಳಿತಾಯ, ನೂರಕ್ಕೆ ಒಂದು ರೂಪಾಯಿ ಲೆಕ್ಕದಲ್ಲಿ, ವರ್ಷಕ್ಕೆ 156 ರೂಪಾಯಿ ದುಡಿಯುತ್ತದೆ. ಮೂರು ತಿಂಗಳಿಗೊಮ್ಮೆ 600 ರೂಪಾಯಿ ಒಟ್ಟಿಗೆ ತಂದು ಕಟ್ಟುವವಳದ್ದು 132 ರೂಪಾಯಿ. ವ್ಯತ್ಯಾಸ ಬರೀ 24 ರೂಪಾಯಿ.

ಅಷ್ಟೇನಾ ಅಂತೀರಿ. ಹೌದು, ಅಷ್ಟೇ. ತಡ ಮಾಡಿದರೆ ನಿಮಗೆ ಭಾರೀ ನಷ್ಟ ಎಂದು ಹೇಳಿ ನಾವು ಯಾರನ್ನೂ ಹೆದರಿಸುವುದಿಲ್ಲ. ಆದರೆ ಇದೇ ಲೆಕ್ಕವನ್ನು ದಂಡದ ಪಕ್ಕದಲ್ಲಿಟ್ಟು ನೋಡಿ. ಬಾಕಿ ಇರುವ ಸಭೆಗೆ ಹತ್ತು ರೂಪಾಯಿ ದಂಡ ಎಂದು ಗುಂಪು ಠರಾವು ಮಾಡಿಕೊಂಡಿದೆ ಎನ್ನಿ. ಮೂರು ತಿಂಗಳಿಗೊಮ್ಮೆ ಕಟ್ಟುವವಳು ವರ್ಷದಲ್ಲಿ ಎಂಟು ಸಭೆಗೆ ಬಾಕಿ ಬೀಳುತ್ತಾಳೆ, ದಂಡ 80 ರೂಪಾಯಿ. ಆದ ನಷ್ಟ 24, ಹಾಕಿದ ದಂಡ 80. ಇದು ಅವಳಿಗೂ ಗೊತ್ತಾಗುತ್ತದೆ. ಬಾಕಿಯ ಜೊತೆಗೆ ದಂಡವನ್ನೂ ತರಬೇಕಲ್ಲ ಎಂದು ಮುಂದಿನ ಸಭೆಗೂ ಬರುವುದಿಲ್ಲ. ಆಗ ಮೂರು ತಿಂಗಳದ್ದು ನಾಲ್ಕಾಗುತ್ತದೆ, ನಾಲ್ಕು ಆರಾಗುತ್ತದೆ. ದುಡ್ಡು ನಿಲ್ಲುವುದಕ್ಕಿಂತ ಮೊದಲು ನಿಲ್ಲುವುದು ಹಾಜರಿ. ಹಾಜರಿ ಪುಸ್ತಕದಲ್ಲಿ ಒಬ್ಬರ ಸಹಿ ಎರಡು ಸಭೆಗೆ ಇಲ್ಲದಿದ್ದರೆ, ಅವರ ಉಳಿತಾಯ ಸರಿಯಾಗಿದ್ದರೂ ಒಮ್ಮೆ ಹೋಗಿ ಮಾತಾಡಿಸಿಕೊಂಡು ಬರುವುದು ಒಳ್ಳೆಯದು.

ಆದ್ದರಿಂದ ದಂಡದ ವಿಷಯದಲ್ಲಿ ನಾವು ಒಂದು ತಿದ್ದುಪಡಿ ಸೂಚಿಸುತ್ತೇವೆ. ಮುಂಚಿತವಾಗಿ ಹೇಳಿ ತಡವಾದರೆ ದಂಡವಿಲ್ಲ, ಹೇಳದೆ ತಡವಾದರೆ ದಂಡ. ಗುಂಪಿಗೆ ಬೇಕಾಗಿರುವುದು ಹತ್ತು ರೂಪಾಯಿಯಲ್ಲ, ಸುದ್ದಿ. ಮೂವರ ದುಡ್ಡು ಈ ಸಲ ಬರುವುದಿಲ್ಲ ಎಂದು ನಾಲ್ಕು ದಿನ ಮೊದಲೇ ಗೊತ್ತಾದರೆ, ಫೀಸಿನ ಸಾಲ ಕೇಳಿದವಳಿಗೆ ಹೇಳಬಹುದು, ಇನ್ನೊಬ್ಬ ಸದಸ್ಯೆಯ ಮುಂಗಡ ಕಂತು ಕೇಳಿ ಪಡೆಯಬಹುದು, ಬ್ಯಾಂಕಿನ ಉಳಿತಾಯ ಖಾತೆಯಲ್ಲಿ ಇದ್ದರೆ ತೆಗೆಯಬಹುದು. ಸಭೆಯ ಚಾಪೆಯ ಮೇಲೆ ಕುಳಿತಾದ ಮೇಲೆ ಗೊತ್ತಾದರೆ ಏನೂ ಮಾಡಲಾಗುವುದಿಲ್ಲ.

ಇನ್ನು, ತಡ ಏಕಾಗುತ್ತದೆ? ನಮ್ಮ ಅನುಭವದಲ್ಲಿ ಹೆಚ್ಚಿನ ಸಲ ದುಡ್ಡು ಇಲ್ಲದೆ ಅಲ್ಲ, ದುಡ್ಡು ಬರುವ ದಿನಕ್ಕೂ ಸಭೆಯ ದಿನಕ್ಕೂ ಹೊಂದಿಕೆ ಇಲ್ಲದೆ. ನಮ್ಮ ಊರಿನಲ್ಲಿ ಹಾಲಿನ ಬಟವಾಡೆ ಹದಿನೈದು ದಿನಕ್ಕೊಮ್ಮೆ. ಕೂಲಿಗೆ ಹೋಗುವವರಿಗೆ ಶನಿವಾರ. ರೇಷ್ಮೆ ಸಾಕುವವರಿಗೆ ಗೂಡು ಮಾರಿದಾಗ, ಅಂದರೆ ಬೆಳೆಯಿಂದ ಬೆಳೆಗೆ. ರಾಗಿ, ಅವರೆ ನಂಬಿದವರಿಗೆ ವರ್ಷಕ್ಕೊಮ್ಮೆ. ಬಟವಾಡೆಗೆ ಎರಡು ದಿನ ಮುಂಚೆ ಸಭೆ ಇಟ್ಟುಕೊಂಡರೆ, ಹಸು ಕಟ್ಟಿದವರ ಕೈ ಆ ದಿನ ಖಾಲಿಯಾಗಿಯೇ ಇರುತ್ತದೆ. ಅಂಥ ಗುಂಪಿನಲ್ಲಿ ಒಬ್ಬಿಬ್ಬರಲ್ಲ, ಐದಾರು ಜನ ಪ್ರತಿ ತಿಂಗಳೂ ತಡವಾಗುತ್ತಾರೆ, ಮತ್ತು ಅದೇ ಐದಾರು ಜನ. ಹಾಗೆ ಕಂಡರೆ ಬದಲಾಗಬೇಕಾದ್ದು ಜನರಲ್ಲ, ತಾರೀಖು. ಎರಡು ದಿನ ಮುಂದೆ ಹಾಕಿ ನೋಡಿ. ಸಭೆಯ ದಿನವನ್ನು ಬದಲಾಯಿಸುವುದಕ್ಕೆ ಗುಂಪಿನ ಒಂದು ಠರಾವು ಸಾಕು, ಯಾರ ಅಪ್ಪಣೆಯೂ ಬೇಕಿಲ್ಲ.

ತಾರೀಖು ಬದಲಾಯಿಸಿದರೂ ಹೋಗದ ತಡ ಒಂದಿದೆ. ಹಸು ಬತ್ತಿದ ಕಾಲ. ಕರು ಹಾಕುವ ಮುಂಚೆ ಸುಮಾರು ಎರಡು ತಿಂಗಳು ಹಾಲು ನಿಲ್ಲಿಸುತ್ತೇವೆ. ಹಿಂಡಿ ಬೂಸದ ಖರ್ಚು ನಿಲ್ಲುವುದಿಲ್ಲ, ಬಟವಾಡೆ ಮಾತ್ರ ನಿಲ್ಲುತ್ತದೆ. ಒಂದೇ ಹಸು ಇರುವ ಮನೆಯಲ್ಲಿ ಈ ಎರಡು ತಿಂಗಳು ಉಳಿತಾಯ ಕಟ್ಟುವುದು ಕಷ್ಟವೇ. ಆದರೆ ಅಕ್ಕಂದಿರೇ, ಈ ಕಷ್ಟ ಹೇಳದೆ ಕೇಳದೆ ಬರುವಂಥದ್ದಲ್ಲ. ಗಬ್ಬ ನಿಂತ ದಿನವೇ ಹಸು ಯಾವಾಗ ಬತ್ತುತ್ತದೆ ಎಂದು ನಮಗೆ ಗೊತ್ತು. ಹಸು ಒಂಬತ್ತು ತಿಂಗಳು ಹೊರುತ್ತದೆ, ಕೊನೆಯ ಎರಡು ತಿಂಗಳು ಕಳೆದರೆ ಏಳು ತಿಂಗಳು ಮುಂಚೆಯೇ ಸೂಚನೆ ಸಿಕ್ಕಂತಾಯಿತು. ಬೇರೆ ಯಾವ ಕಷ್ಟ ಏಳು ತಿಂಗಳು ಮುಂಚೆ ಹೇಳಿ ಬರುತ್ತದೆ?

ಹಾಗಾಗಿ ಲೆಕ್ಕ ಸುಲಭ. ಎರಡು ತಿಂಗಳ ಉಳಿತಾಯ 400 ರೂಪಾಯಿ. ಹಾಲು ಬರುವಾಗ ಪ್ರತಿ ಬಟವಾಡೆಯಲ್ಲೂ 50 ರೂಪಾಯಿ ಹೆಚ್ಚಾಗಿ ಗುಂಪಿಗೆ ಕೊಡುತ್ತ ಬಂದರೆ ಎಂಟು ಬಟವಾಡೆಗೆ, ಅಂದರೆ ನಾಲ್ಕು ತಿಂಗಳಿಗೆ, 400 ಆಗುತ್ತದೆ. ಹಸು ಬತ್ತುವ ಹೊತ್ತಿಗೆ ಆ ಎರಡು ತಿಂಗಳ ಉಳಿತಾಯ ಕಟ್ಟಿಯೇ ಆಗಿರುತ್ತದೆ. ಸಾಲದ ಕಂತೂ ಇರುವವರು ಕಂತಿಗೂ ಹೀಗೆಯೇ ಲೆಕ್ಕ ಹಾಕಿಕೊಳ್ಳಬೇಕು. ಇಲ್ಲವೇ ಸಾಲ ತೆಗೆಯುವಾಗಲೇ, ‘ನನ್ನ ಹಸು ಇಂಥ ತಿಂಗಳು ಬತ್ತುತ್ತೆ, ಆ ಎರಡು ತಿಂಗಳು ಬಡ್ಡಿ ಮಾತ್ರ ಕಟ್ತೀನಿ’ ಎಂದು ಹೇಳಿ ಬರೆಸಿಕೊಳ್ಳಬೇಕು. ರೇಷ್ಮೆಯವರು ಒಂದು ಬೆಳೆಯ ಗೂಡು ಮಾರಿದಾಗಲೇ ಎರಡು ತಿಂಗಳದ್ದು ಒಟ್ಟಿಗೆ ಕೊಟ್ಟುಬಿಡಬಹುದು.

ಪುಸ್ತಕ ಬರೆಯುವವರಿಗೆ ಇಲ್ಲಿ ಒಂದು ಎಚ್ಚರಿಕೆ. ಮುಂಗಡ ಬಂದ ದುಡ್ಡನ್ನು ಬಂದ ದಿನವೇ ನಗದು ಪುಸ್ತಕದಲ್ಲಿ ‘ಮುಂಗಡ’ ಎಂದು ಬರೆದು, ಸದಸ್ಯೆಯ ಪಾಸ್‌ಬುಕ್ಕಿನಲ್ಲೂ ಹಾಗೆಯೇ ಬರೆಯಬೇಕು. ಆಯಾ ತಿಂಗಳು ಬಂದಾಗ ಅದನ್ನು ಉಳಿತಾಯಕ್ಕೆ ಜಮಾ ಮಾಡಬೇಕು. ಬಾಯಿಮಾತಿನಲ್ಲಿ ಇಟ್ಟುಕೊಂಡರೆ ನಾಲ್ಕು ತಿಂಗಳ ಮೇಲೆ ಕೊಟ್ಟವಳಿಗೂ ಮರೆಯುತ್ತದೆ, ತೆಗೆದುಕೊಂಡವಳಿಗೂ ಮರೆಯುತ್ತದೆ, ಜಗಳ ಮಾತ್ರ ನೆನಪಿನಲ್ಲಿ ಉಳಿಯುತ್ತದೆ.

ಪುಸ್ತಕದ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಲೇಬೇಕು. ನಬಾರ್ಡ್ 1992ರಲ್ಲಿ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗವನ್ನು ಶುರುಮಾಡಿತು. ಅಲ್ಲಿಂದ ಈಚೆಗೆ ಬ್ಯಾಂಕಿನವರು ಗುಂಪಿಗೆ ಸಾಲ ಕೊಡುವಾಗ ಮನೆ, ಜಮೀನು ನೋಡುವುದಿಲ್ಲ, ಪುಸ್ತಕ ನೋಡುತ್ತಾರೆ. ಸಭೆ ತಪ್ಪದೆ ನಡೆದಿದೆಯೇ, ಉಳಿತಾಯ ತಪ್ಪದೆ ಬಂದಿದೆಯೇ, ಒಳಸಾಲ ನಡೆದಿದೆಯೇ, ಮರುಪಾವತಿ ಸಕಾಲಕ್ಕೆ ಆಗಿದೆಯೇ, ಲೆಕ್ಕ ಬರೆದಿದೆಯೇ ಎನ್ನುವ ಈ ಐದಕ್ಕೇ ಪಂಚಸೂತ್ರ ಎನ್ನುವುದು. ಬ್ಯಾಂಕಿನವರು ನೋಡುತ್ತಾರೆ ಎಂಬ ಕಾರಣಕ್ಕೇ ಕೆಲವು ಕಡೆ ಬಾಕಿಯನ್ನು ಮುಚ್ಚುವ ಅಭ್ಯಾಸ ಬರುತ್ತದೆ. ಬಾರದ ಉಳಿತಾಯವನ್ನು ಬಂದಿದೆ ಎಂದು ಬರೆದು, ಅಷ್ಟನ್ನೇ ಆ ಸದಸ್ಯೆಗೆ ಸಾಲ ಕೊಟ್ಟಂತೆ ತೋರಿಸುವುದು. ‘ಅಡ್ಜಸ್ಟ್ ಮಾಡಿದೀವಿ ಬಿಡಿ’ ಅಂತಾರೆ. ಮರ್ಯಾದೆ ಉಳಿಸಿದ ಹಾಗೆ ಕಾಣುತ್ತದೆ. ಆದರೆ ಕಟ್ಟದೇ ಇರುವವಳ ಸಾಲ ತಿಂಗಳು ತಿಂಗಳಿಗೆ ಬೆಳೆಯುತ್ತ ಹೋಗುತ್ತದೆ, ಅದಕ್ಕೆ ಬಡ್ಡಿಯೂ ಬೀಳುತ್ತದೆ, ಎಷ್ಟೋ ಸಲ ಅವಳಿಗೇ ತಿಳಿದಿರುವುದಿಲ್ಲ.

ಇದನ್ನು ಕಂಡುಹಿಡಿಯುವುದು ಕಷ್ಟವಲ್ಲ. ಸಭೆ ಮುಗಿಯುವ ಮುಂಚೆ ಪೆಟ್ಟಿಗೆಯ ದುಡ್ಡನ್ನು ಎಲ್ಲರ ಮುಂದೆ ಎಣಿಸಿ, ಆ ದಿನ ಬಂದದ್ದು, ಕೊಟ್ಟದ್ದು, ಉಳಿದದ್ದು ಗಟ್ಟಿಯಾಗಿ ಓದಬೇಕು. ಆಮೇಲೆ ಸಾಲದ ಪಟ್ಟಿ ನೋಡಬೇಕು. ಯಾರೂ ಕೇಳದ, ನಡಾವಳಿಯಲ್ಲಿ ಇಲ್ಲದ, 200, 400ರ ಸಣ್ಣ ಸಣ್ಣ ಸಾಲಗಳು ಅಲ್ಲಿ ಕಂಡರೆ ಅದು ಸಾಲವಲ್ಲ, ಮುಚ್ಚಿಟ್ಟ ಬಾಕಿ. ಬಾಕಿಯನ್ನು ಬಾಕಿ ಎಂದೇ ಬರೆಯಿರಿ. ಒಂದೆರಡು ತಿಂಗಳ ಬಾಕಿ ಬಂದು, ಆಮೇಲೆ ತೀರಿದ್ದು ಪುಸ್ತಕದಲ್ಲಿ ಇದ್ದಂತೆ ಕಂಡರೆ ಅದನ್ನು ನೋಡಿದವರಿಗೆ ಗುಂಪಿನ ಮೇಲೆ ನಂಬಿಕೆ ಹುಟ್ಟುತ್ತದೆ.

ಇನ್ನು ಕೇಳುವ ರೀತಿ. ಇದು ಗುಂಪಿನ ಪ್ರತಿನಿಧಿಗಳಿಗೆ ಹೇಳುವ ಮಾತು. ಬಾಕಿದಾರರ ಹೆಸರನ್ನು ಸಭೆಯಲ್ಲಿ ಓದಬೇಡಿ, ಫೋನಿನ ವಾಟ್ಸಾಪ್ ಗುಂಪಿನಲ್ಲಿ ಹಾಕಲೇಬೇಡಿ. ಅತ್ತೆಯ ಮುಂದೆ, ಗಂಡನ ಮುಂದೆ, ಡೇರಿಯಲ್ಲಿ ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತಿರುವಾಗ ಕೇಳಬೇಡಿ. ಸಭೆಗೆ ಎರಡು ದಿನ ಮುಂಚೆ ಅವರ ಮನೆ ಕಡೆ ಹೋದಾಗ, ‘ನಾಡಿದ್ದು ಮೀಟಿಂಗ್ ಕಣಕ್ಕಾ, ಬಟವಾಡೆ ಬಂತಾ? ಈ ಸಲ ಹೆಂಗೆ, ಅನುಕೂಲ ಆಯ್ತದಾ?’ ಎಂದು ಕೇಳಿ ನೋಡಿ. ‘ಮೂರು ತಿಂಗಳಿಂದ ಕಟ್ಟಿಲ್ಲ’ ಎಂದರೆ ಎದುರಿನವರಿಗೆ ಉತ್ತರ ಹೇಳಲು ಜಾಗವಿಲ್ಲ. ‘ಈ ಸಲ ಹೆಂಗೆ’ ಎಂದರೆ, ‘ನೂರು ಕೊಡ್ತೀನಿ ಕಣವ್ವ, ಉಳಿದಿದ್ದು ಮುಂದಿನ ಬಟವಾಡೆಗೆ’ ಎಂಬ ಉತ್ತರಕ್ಕೆ ಜಾಗವಿದೆ. ಆ ನೂರನ್ನು ಪಡೆದುಕೊಳ್ಳಿ. ಪೂರ್ತಿ ತಂದರೆ ಮಾತ್ರ ಎಂದು ಹಿಂದಕ್ಕೆ ಕಳಿಸಬೇಡಿ. ಅರ್ಧ ಕಟ್ಟಿದವಳು ಸಭೆಗೆ ಬರುತ್ತಾಳೆ, ಏನೂ ಕಟ್ಟದವಳು ಬರುವುದಿಲ್ಲ.

ಹಾಗೆ ಮಾತಾಡಿಸುವಾಗ ಕೆಲವು ಸಲ ಬೇರೆಯದೇ ಸಂಗತಿ ಹೊರಬರುತ್ತದೆ. ಫೈನಾನ್ಸಿನವರ ವಾರದ ಕಂತು ಎರಡು ಮೂರು ಕಡೆ ಇರುತ್ತದೆ. ಅವರು ಬಾಗಿಲಿಗೆ ಬಂದು ನಿಲ್ಲುತ್ತಾರೆ, ನಾವು ನಿಲ್ಲುವುದಿಲ್ಲ, ಆದ್ದರಿಂದ ದುಡ್ಡು ಮೊದಲು ಅಲ್ಲಿಗೆ ಹೋಗುತ್ತದೆ. ಬಲವಂತದ ವಸೂಲಿಯನ್ನು ತಡೆಯಲು ನಮ್ಮ ರಾಜ್ಯ ಸರ್ಕಾರವೇ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ಅಂಥ ಮನೆಯಲ್ಲಿ ಉಳಿತಾಯದ ಬಾಕಿಯೊಂದನ್ನೇ ಕೇಳಿ ಪ್ರಯೋಜನವಿಲ್ಲ. ಎಲ್ಲ ಸಾಲಗಳನ್ನೂ ಒಂದು ಹಾಳೆಯ ಮೇಲೆ ಬರೆಸಿ, ಹೆಚ್ಚು ಬಡ್ಡಿಯ ಸಣ್ಣ ಸಾಲವೊಂದನ್ನು ಗುಂಪಿನ ಸಾಲದಿಂದ ತೀರಿಸಬಹುದೇ ಎಂದು ಸಭೆ ಯೋಚಿಸಬೇಕು. ತೀರಿಸಲಾಗದಷ್ಟು ದೊಡ್ಡದಾಗಿದ್ದರೆ ಅದು ಗುಂಪಿನ ಶಕ್ತಿಗೆ ಮೀರಿದ್ದು ಎಂದು ಅವರಿಗೆ ಪ್ರೀತಿಯಿಂದಲೇ ಹೇಳಬೇಕು.

ಎಲ್ಲರೂ ಕೈಲಾಗದವರೇ ಎಂದು ನಾವು ಹೇಳುವುದಿಲ್ಲ. ಸಾಲ ಬೇಕಾದ ತಿಂಗಳು ಎಲ್ಲ ಬಾಕಿಯನ್ನೂ ಒಟ್ಟಿಗೆ ತಂದು ಕಟ್ಟಿ, ಸಾಲ ಪಡೆದ ಮೇಲೆ ಮತ್ತೆ ಕಾಣೆಯಾಗುವವರು ಇದ್ದರೆ ಪಾಸ್‌ಬುಕ್ಕಿನಲ್ಲೇ ಅದು ಕಾಣುತ್ತದೆ. ಅದಕ್ಕೆ ಮುನಿಸು ಬೇಡ, ಒಂದು ನಿಯಮ ಸಾಕು: ಸಾಲ ಕೇಳುವ ಮುಂಚಿನ ಆರು ಸಭೆಗಳಲ್ಲಿ ನಾಲ್ಕಕ್ಕಾದರೂ ಬಂದು, ಆಯಾ ತಿಂಗಳದ್ದನ್ನು ಕಟ್ಟಿರಬೇಕು, ಇಲ್ಲವೇ ಮುಂಚೆಯೇ ಹೇಳಿರಬೇಕು. ನಿಯಮ ಎಲ್ಲರಿಗೂ ಒಂದೇ ಆಗಿರಲಿ, ಪ್ರತಿನಿಧಿಗೂ ಸೇರಿ.

ಇವತ್ತು ಮನೆಗೆ ಹೋದ ಮೇಲೆ ತಾವು ಮಾಡಬೇಕಾದ್ದು ಇಷ್ಟು. ಪಾಸ್‌ಬುಕ್ ತೆಗೆದು ಕೊನೆಯ ಮೂರು ತಿಂಗಳು ನೋಡಿ. ಬಾಕಿ ಇದ್ದರೆ ಮುಂದಿನ ಸಭೆಗೆ ಎಷ್ಟು ತರಲು ಆಗುತ್ತದೆ ಎಂದು, ಅದು ನೂರೇ ಆಗಿರಲಿ, ಸಭೆಗೆ ನಾಲ್ಕು ದಿನ ಮೊದಲು ನಿಮ್ಮ ಪ್ರತಿನಿಧಿಗೆ ಒಂದು ಮಾತು ಹೇಳಿ. ಹಸು ಗಬ್ಬವಿದ್ದರೆ ಬತ್ತುವ ತಿಂಗಳನ್ನು ಪುಸ್ತಕದಲ್ಲಿ ಬರೆಸಿ. ದುಡ್ಡು ಏನೂ ಹೊಂದದೇ ಹೋದರೂ ಬರಿಗೈಯಲ್ಲೇ ಸಭೆಗೆ ಬನ್ನಿ. ಚಾಪೆಯ ಮೇಲೆ ನಿಮ್ಮ ಜಾಗ ದುಡ್ಡು ಕೊಟ್ಟು ಕೊಂಡದ್ದಲ್ಲ, ಅದು ಖಾಲಿ ಕಂಡರೆ ನಮಗೆ ಲೆಕ್ಕಕ್ಕಿಂತ ಹೆಚ್ಚು ಚಿಂತೆಯಾಗುತ್ತದೆ.